ಅಳಿಸುವುದೋ, ಮರೆಮಾಡುವುದೋ: ಲೇಯರ್ ಫೈಲಿನ ತೂಕ ಎಲ್ಲಿ ಕೂತಿರುತ್ತದೆ

ಬೇಸಿಗೆ ಶುರುವಾಗುತ್ತಿದ್ದಂತೆ ಕೊಡಗಿನ ಡಿಟಿಪಿ ಅಂಗಡಿಗಳಿಗೆ ಒಂದೇ ಬಗೆಯ ಕೆಲಸ ಬರತೊಡಗುತ್ತದೆ: ಹಾಕಿ ಹಬ್ಬಕ್ಕೆ ಒಕ್ಕದ, ಅಂದರೆ ಕೊಡವ ಮನೆತನದ, ತಂಡದ ಬ್ಯಾನರ್. 1997ರಲ್ಲಿ ಕರಡದಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ಈಗ ನೂರಾರು ಒಕ್ಕಗಳು ಆಡುತ್ತವೆ. ಬ್ಯಾನರಿನ ವಿನ್ಯಾಸವೂ ಹೆಚ್ಚುಕಡಿಮೆ ಒಂದೇ. ಹಿಂದೆ ಬೆಟ್ಟದ ಸಾಲು, ಮೇಲೆ ಒಕ್ಕದ ಹೆಸರು, ಮುಂದೆ ಎರಡು ಸಾಲಿನಲ್ಲಿ ಆಟಗಾರರು. ಆಟಗಾರರ ಫೋಟೋಗಳು ಬೇರೆಬೇರೆ ಕಡೆ ತೆಗೆದವು, ಹಾಗಾಗಿ ಪ್ರತಿಯೊಬ್ಬರ ಹಿನ್ನೆಲೆಯನ್ನೂ ತೆಗೆದು ಕೂರಿಸಬೇಕು.

ಈ ತೆಗೆಯುವ ಕೆಲಸಕ್ಕೆ ಎರಡು ದಾರಿ. ಇರೇಸರ್ ಹಿಡಿದು ಅಥವಾ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ ಬೇಡದ ಪಿಕ್ಸೆಲ್‌ಗಳನ್ನು ಅಳಿಸುವುದು ಒಂದು. ಲೇಯರಿಗೆ ಮಾಸ್ಕ್ ಹಾಕಿ ಅವುಗಳನ್ನು ಮರೆಮಾಡುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಸೇವ್ ಮಾಡಿದಾಗ ಮಾತ್ರ ಒಂದು ಫೈಲು 320 ಎಂಬಿ, ಇನ್ನೊಂದು 560 ಎಂಬಿ ಆಗಿ ಕೂರುತ್ತದೆ. ನಾಪೋಕ್ಲಿನಿಂದ ಮೈಸೂರಿನ ಪ್ರೆಸ್ಸಿಗೆ ಅದನ್ನು ನೆಟ್‌ನಲ್ಲಿ ಕಳಿಸುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಅಪ್‌ಲೋಡ್ ವೇಗ ಸೆಕೆಂಡಿಗೆ 4 ಮೆಗಾಬಿಟ್ ಇದೆ ಅಂದುಕೊಂಡರೆ ಮೊದಲನೆಯದು ಹನ್ನೊಂದು ನಿಮಿಷದೊಳಗೆ ಹೋಗುತ್ತದೆ, ಎರಡನೆಯದಕ್ಕೆ ಹತ್ತೊಂಬತ್ತು ನಿಮಿಷ ಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ ಕಳಿಸಬೇಕು.

ಈ ಅಂತರ ಎಲ್ಲಿಂದ ಬರುತ್ತದೆ, ಯಾವಾಗ ಯಾವುದನ್ನು ಆರಿಸಬೇಕು ಎಂಬುದನ್ನು ಇದೇ ಬ್ಯಾನರನ್ನು ಇಟ್ಟುಕೊಂಡು ನೋಡೋಣ. ಮೊದಲು ಫೋಟೋಶಾಪ್, ಆಮೇಲೆ ಗಿಂಪ್. ಎರಡರಲ್ಲೂ ಉತ್ತರ ಒಂದೇ ಅಲ್ಲ, ಹಾಗಾಗಿ ಗಿಂಪ್ ಬಳಸುವವರು ಮೊದಲರ್ಧ ಓದಿ ನಿಲ್ಲಿಸಬೇಡಿ.

ಫೈಲಿನ ಒಳಗೆ ಏನಾಗುತ್ತದೆ

ಒಂದು ಲೇಯರನ್ನು ಫೋಟೋಶಾಪಿನ ಪಿಎಸ್‌ಡಿ ಫೈಲು ಚಾನೆಲ್‌ಗಳಾಗಿ ಬಿಡಿಸಿ ಇಡುತ್ತದೆ: ಕೆಂಪು, ಹಸಿರು, ನೀಲಿ, ಜೊತೆಗೆ ಪಾರದರ್ಶಕತೆಯದೊಂದು. 8 ಬಿಟ್ ಫೈಲಿನಲ್ಲಿ ಪ್ರತಿ ಪಿಕ್ಸೆಲ್ಲಿಗೆ ಪ್ರತಿ ಚಾನೆಲ್ಲಿನಲ್ಲೂ ಒಂದು ಬೈಟು. ಮಾಸ್ಕ್ ಹಾಕಿದರೆ ಇನ್ನೊಂದು ಚಾನೆಲ್ ಸೇರುತ್ತದೆ. ಅದೂ ಪಿಕ್ಸೆಲ್ಲಿಗೆ ಒಂದೇ ಬೈಟು. ಅದರಲ್ಲಿ 0 ಅಂದರೆ ಕಪ್ಪು, ಆ ಜಾಗ ಪೂರ್ತಿ ಮರೆ. 255 ಅಂದರೆ ಬಿಳಿ, ಪೂರ್ತಿ ಕಾಣುತ್ತದೆ. ನಡುವಿನ ಬೂದು ಬಣ್ಣಗಳಲ್ಲಿ ಅರೆಬರೆ ಕಾಣುತ್ತದೆ.

ಮಾಸ್ಕ್ ಕಪ್ಪಾದ ಜಾಗದಲ್ಲಿ ಲೇಯರಿನ ಕೆಂಪು, ಹಸಿರು, ನೀಲಿ ಬೈಟುಗಳಿಗೆ ಏನೂ ಆಗುವುದಿಲ್ಲ. ಆಟಗಾರನ ಹಿಂದಿದ್ದ ಗೋಡೆ, ಕಾಫಿ ಗಿಡ, ನಿಲ್ಲಿಸಿದ್ದ ಜೀಪು, ಎಲ್ಲವೂ ಅಕ್ಷರಶಃ ಹಾಗೇ ಫೈಲಿನಲ್ಲಿ ಇರುತ್ತವೆ. ಇರೇಸರ್ ಬಳಸಿದರೆ ಆ ಜಾಗದಲ್ಲಿ ಪಾರದರ್ಶಕತೆಯ ಚಾನೆಲ್ಲಿನ ಬೆಲೆ ಸೊನ್ನೆಯಾಗುತ್ತದೆ, ಅಂದರೆ ಆ ಜಾಗ ಪೂರ್ತಿ ಪಾರದರ್ಶಕ. ಪೂರ್ತಿ ಸೊನ್ನೆಯಾದ ಪಿಕ್ಸೆಲ್ಲಿನ ಬಣ್ಣವನ್ನು ಫೋಟೋಶಾಪ್ ಜೋಪಾನ ಮಾಡುವುದಿಲ್ಲ. ಅಷ್ಟೇ ಅಲ್ಲ, ಲೇಯರಿನಲ್ಲಿ ಏನಾದರೂ ಉಳಿದಿರುವ ಭಾಗವನ್ನು ಸುತ್ತುವರಿದ ಚೌಕವನ್ನಷ್ಟೇ ಅದು ಫೈಲಿಗೆ ಬರೆಯುತ್ತದೆ. ಚೌಕದ ಹೊರಗಿನದಕ್ಕೆ ಫೈಲಿನಲ್ಲಿ ಜಾಗವೇ ಇಲ್ಲ.

ಇನ್ನು ಕುಗ್ಗಿಸುವಿಕೆ. 8 ಬಿಟ್ ಪಿಎಸ್‌ಡಿಯಲ್ಲಿ ಲೇಯರಿನ ಬೈಟುಗಳನ್ನು ಆರ್‌ಎಲ್‌ಇ ಎಂಬ ಸರಳ ವಿಧಾನದಲ್ಲಿ ಕುಗ್ಗಿಸಲಾಗುತ್ತದೆ. ಒಂದು ಸಾಲಿನಲ್ಲಿ ಒಂದೇ ಬೆಲೆಯ ಬೈಟುಗಳು ಪಕ್ಕಪಕ್ಕ ಬಂದರೆ ಅಂಥ 128 ಬೈಟುಗಳವರೆಗೆ ಎರಡೇ ಬೈಟಿನಲ್ಲಿ ಬರೆದುಬಿಡುತ್ತದೆ, ಒಂದು ಎಷ್ಟು ಸಲ ಎನ್ನುವುದಕ್ಕೆ, ಇನ್ನೊಂದು ಯಾವ ಬೆಲೆ ಎನ್ನುವುದಕ್ಕೆ. ಹಾಗಾಗಿ ಒಂದೇ ಬಣ್ಣದ ಜಾಗ ಸುಮಾರು 64 ಪಟ್ಟು ಕುಗ್ಗುತ್ತದೆ. ಆದರೆ ಕ್ಯಾಮೆರಾದ ಫೋಟೋದಲ್ಲಿ ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಬೆಲೆ ಒಂದೇ ಇರುವುದು ಅಪರೂಪ. ಬರಿಗಣ್ಣಿಗೆ ಸಪಾಟಾಗಿ ಕಾಣುವ ಸುಣ್ಣದ ಗೋಡೆಯಲ್ಲೂ 211, 213, 212, 214 ಎಂದು ಬೆಲೆಗಳು ತುಯ್ಯುತ್ತಿರುತ್ತವೆ. ಆರ್‌ಎಲ್‌ಇಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ಫೋಟೋ ಹೆಚ್ಚುಕಡಿಮೆ ಪೂರ್ತಿ ಗಾತ್ರದಲ್ಲೇ ಫೈಲಿಗೆ ಇಳಿಯುತ್ತದೆ.

ಬಹಳ ಜನ ಮಾಸ್ಕ್ ಹಾಕಿದ್ದಕ್ಕೇ ಫೈಲು ದಪ್ಪವಾಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಮಾಸ್ಕಿನ ಬಹುಪಾಲು ಅಚ್ಚ ಕಪ್ಪು ಇಲ್ಲವೇ ಅಚ್ಚ ಬಿಳಿ, ಅದು ಚೆನ್ನಾಗಿ ಕುಗ್ಗುತ್ತದೆ. ತೂಕ ಇರುವುದು ಮಾಸ್ಕಿನ ಕೆಳಗೆ ಅಡಗಿ ಕೂತಿರುವ ಫೋಟೋದಲ್ಲಿ.

ಬ್ಯಾನರಿನ ಲೆಕ್ಕ

ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಬ್ಯಾನರ್, ಇಂಚಿಗೆ 72 ಪಿಕ್ಸೆಲ್. ದೂರದಿಂದ ನೋಡುವ ಬ್ಯಾನರಿಗೆ ಇಷ್ಟು ಸಾಕು. 120 ಇಂಚು ಗುಣಿಸು 72 ಅಂದರೆ 8640, 72 ಗುಣಿಸು 72 ಅಂದರೆ 5184. ಆಟಗಾರರು ಹದಿನಾರು ಮಂದಿ. ಪ್ರತಿಯೊಬ್ಬರ ಫೋಟೋ ಕ್ಯಾಮೆರಾದಲ್ಲಿ 4000 × 6000, ಬ್ಯಾನರಿನಲ್ಲಿ ಅರ್ಧಕ್ಕೆ ಇಳಿಸಿ 2000 × 3000 ಮಾಡಿ ಕೂರಿಸಿದೆ. ಆ ಚೌಕದೊಳಗೆ ಆಟಗಾರ ನಿಂತಿರುವ ಭಾಗ 800 ಅಗಲ, 2500 ಎತ್ತರ ಅಂದುಕೊಳ್ಳಿ, ಬ್ಯಾನರಿನ ಮೇಲೆ ಮೂರಡಿಗೆ ತುಸು ಕಡಿಮೆ. ಆ 800 × 2500ರಲ್ಲೂ ಸುಮಾರು ಅರ್ಧ ಮಾತ್ರ ಮೈ, ಉಳಿದದ್ದು ಕೈಕಾಲುಗಳ ನಡುವಿನ ಖಾಲಿ ಜಾಗ.

```
ಹಿನ್ನೆಲೆ:              8640 × 5184 × 3  = 134 ಎಂಬಿ
ಒಬ್ಬ ಆಟಗಾರ, ಮಾಸ್ಕ್:     2000 × 3000 × 3  = 18 ಎಂಬಿ
ಒಬ್ಬ ಆಟಗಾರ, ಅಳಿಸಿದ್ದು:   800 × 2500 × 3 ÷ 2 = 3 ಎಂಬಿ
```

ಮಾಸ್ಕ್ ಎಷ್ಟು ತೂಗುತ್ತದೆ ಎಂಬುದನ್ನೂ ಕೂಡಿಸೋಣ. 2000 ಬೈಟಿನ ಒಂದು ಸಾಲು ಪೂರ್ತಿ ಕಪ್ಪಾಗಿದ್ದರೆ 128ರ ಹದಿನಾರು ತುಂಡುಗಳಾಗುತ್ತದೆ, ಅಂದರೆ 32 ಬೈಟು. ಅಂಥ 3000 ಸಾಲಿಗೆ 96 ಸಾವಿರ ಬೈಟು. ಅಂಚುಗಳಲ್ಲಿ ಕೂದಲು, ಜೆರ್ಸಿಯ ಮಡಿಕೆ, ಸ್ಟಿಕ್ಕಿನ ತುದಿ ಬಂದಾಗ ಸ್ವಲ್ಪ ಹೆಚ್ಚುತ್ತದೆ. ಏನೇ ಆದರೂ ಒಬ್ಬನಿಗೆ ಎರಡು ನೂರು ಕೆಬಿಯ ಆಸುಪಾಸು. ಅಳಿಸಿದ ಲೇಯರಿನ ಖಾಲಿ ಜಾಗಕ್ಕೂ ಪಾರದರ್ಶಕತೆಯ ಚಾನೆಲ್ಲಿಗೂ ಇದೇ ಮಟ್ಟದ ಖರ್ಚು ಇದೆ, ಹಾಗಾಗಿ ಅದನ್ನು 3.2 ಎಂಬಿ ಎಂದು ಇಟ್ಟುಕೊಳ್ಳೋಣ.

ಹದಿನಾರು ಮಂದಿಗೆ ಮಾಸ್ಕ್ ದಾರಿಯಲ್ಲಿ ಸುಮಾರು 290 ಎಂಬಿ, ಅಳಿಸುವ ದಾರಿಯಲ್ಲಿ ಸುಮಾರು 51 ಎಂಬಿ. ಇದಕ್ಕೆ ಹಿನ್ನೆಲೆಯ 134 ಎಂಬಿ ಎರಡೂ ಕಡೆ ಸೇರುತ್ತದೆ. ಜೊತೆಗೆ ಇನ್ನೊಂದು 134 ಎಂಬಿ ಸದ್ದಿಲ್ಲದೆ ಸೇರುತ್ತದೆ. ಎಲ್ಲ ಲೇಯರ್ ಕೂಡಿಸಿದ ಪೂರ್ತಿ ಚಿತ್ರದ ಒಂದು ಪ್ರತಿಯನ್ನು ಫೋಟೋಶಾಪ್ ಪಿಎಸ್‌ಡಿಯೊಳಗೇ ಇಡುತ್ತದೆ, ಲೇಯರ್ ಓದಲಾರದ ಬೇರೆ ಸಾಫ್ಟ್‌ವೇರ್‌ಗಳಿಗೆ ತೋರಿಸಲು. ಇದನ್ನು ನಿಯಂತ್ರಿಸುವ ಆಯ್ಕೆ Preferences > File Handling ಒಳಗೆ Maximize PSD and PSB File Compatibility ಎಂಬ ಹೆಸರಿನಲ್ಲಿದೆ. Never ಎಂದು ಇಟ್ಟರೆ ಆ ಪ್ರತಿಯ ಭಾರ ತಪ್ಪುತ್ತದೆ, ಆದರೆ ಪ್ರೆಸ್ಸಿನವರ ಬೇರೆ ಸಾಫ್ಟ್‌ವೇರಿನಲ್ಲಿ ಫೈಲು ತೆರೆದಾಗ ಚಿತ್ರವೇ ಕಾಣದಿರಬಹುದು. ಹೊರಗೆ ಹೋಗುವ ಫೈಲಿನಲ್ಲಿ ಇದನ್ನು ಬಿಡುವುದು ಒಳ್ಳೆಯದಲ್ಲ.

ಒಟ್ಟು ಲೆಕ್ಕ ಮಾಸ್ಕ್‌ನಲ್ಲಿ 560 ಎಂಬಿಯ ಹತ್ತಿರ, ಅಳಿಸಿದರೆ 320ರ ಹತ್ತಿರ. ಪ್ರೆಸ್ಸಿಗೆಂದು ಸಿಎಂವೈಕೆಗೆ ಬದಲಿಸಿದರೆ ಪಿಕ್ಸೆಲ್ಲಿಗೆ ಮೂರರ ಬದಲು ನಾಲ್ಕು ಬೈಟು, ಎರಡೂ ಮೂರನೇ ಒಂದರಷ್ಟು ಹಿಗ್ಗುತ್ತವೆ. ಫೋಟೋಶಾಪಿನ ಕೆಳಪಟ್ಟಿಯಲ್ಲಿ Document Sizes ಆರಿಸಿದರೆ ಓರೆಗೆರೆಯ ಆಚೀಚೆ ಎರಡು ಸಂಖ್ಯೆ ಕಾಣುತ್ತವೆ. ಎಡಗಡೆಯದು ಲೇಯರ್ ಕೂಡಿಸಿದ ಚಿತ್ರದ ಗಾತ್ರ, ಈ ಬ್ಯಾನರಿಗೆ 128.1M. ನಮ್ಮ 134ಕ್ಕೂ ಇದಕ್ಕೂ ಇರುವ ವ್ಯತ್ಯಾಸ 1000ದ ಬದಲು 1024ರಿಂದ ಭಾಗಿಸಿದ್ದರಿಂದ ಬಂದದ್ದು. ಬಲಗಡೆಯದು ಲೇಯರ್‌ಗಳನ್ನು ಸೇರಿಸಿದ್ದು. ಹೊಸ ಆಟಗಾರನನ್ನು ಕೂರಿಸಿದಾಗಲೆಲ್ಲ ಬಲಗಡೆಯ ಸಂಖ್ಯೆ ಎಷ್ಟು ಜಿಗಿಯಿತು ಎಂದು ನೋಡುತ್ತಿದ್ದರೆ ತೂಕ ಎಲ್ಲಿಂದ ಬರುತ್ತಿದೆ ಎಂಬುದು ಕೆಲಸದ ನಡುವೆಯೇ ತಿಳಿಯುತ್ತದೆ. ಅದು ಡಿಸ್ಕಿನ ಮೇಲಿನ ಗಾತ್ರಕ್ಕೆ ತಾಳೆಯಾಗಬೇಕೆಂದಿಲ್ಲ, ಅಂದಾಜಿಗಷ್ಟೇ.

ಲೇಯರಿನ ಕಣ್ಣಿನ ಗುರುತನ್ನು ತೆಗೆದು ಅದು ಕಾಣದಂತೆ ಇಟ್ಟರೆ ಫೈಲು ಕುಗ್ಗುತ್ತದೆ ಎಂಬ ನಂಬಿಕೆಯೂ ಇದೆ. ಕುಗ್ಗುವುದಿಲ್ಲ. ಹಾಗೆ ಕಾಣದಂತೆ ಇಟ್ಟ ಲೇಯರ್ ಪೂರ್ತಿ ತೂಕದಲ್ಲೇ ಫೈಲಿನಲ್ಲಿ ಇರುತ್ತದೆ.

ಹಾಗಾದರೆ ಎಲ್ಲವನ್ನೂ ಅಳಿಸಿಬಿಡಬಹುದೇ

ಬೇಡ. ಗಾತ್ರದ ಲೆಕ್ಕ ಒಂದನ್ನೇ ನೋಡಿದರೆ ಅಳಿಸುವುದು ಗೆಲ್ಲುತ್ತದೆ, ಆದರೆ ಬ್ಯಾನರ್ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಮೊದಲ ಪ್ರೂಫ್ ನೋಡಿದ ಮೇಲೆ ಸ್ಟಿಕ್ಕಿನ ತುದಿ ಕಾಣೆಯಾಗಿದೆ ಎಂದು ಫೋನ್ ಬರುತ್ತದೆ. ಹಾಕಿ ಸ್ಟಿಕ್ಕಿನ ಬಾಗಿದ ತುದಿ ಹುಲ್ಲಿನಲ್ಲಿ ಅರ್ಧ ಮುಳುಗಿರುತ್ತದೆ, ಹಿನ್ನೆಲೆ ತೆಗೆಯುವಾಗ ಮೊದಲು ಬಲಿಯಾಗುವುದು ಅದೇ. ಮಾಸ್ಕ್ ಇದ್ದರೆ ಬಿಳಿ ಬಣ್ಣದ ಬ್ರಷ್ ಹಿಡಿದು ಆ ಜಾಗದಲ್ಲಿ ಎರಡು ಸಲ ಎಳೆದರೆ ತುದಿ ವಾಪಸ್ ಬರುತ್ತದೆ. ಅಳಿಸಿ, ಸೇವ್ ಮಾಡಿ, ಫೈಲು ಮುಚ್ಚಿದ್ದರೆ ಹಿಸ್ಟರಿಯೂ ಹೋಗಿರುತ್ತದೆ. ಮೂಲ ಫೋಟೋ ಹುಡುಕಿ, ಮತ್ತೆ ಅದೇ ಅಳತೆಗೆ ಇಳಿಸಿ, ಅದೇ ಜಾಗಕ್ಕೆ ಕೂರಿಸಿ, ಹಿಂದೆ ಮಾಡಿದ ಬಣ್ಣದ ತಿದ್ದುಪಡಿಗಳನ್ನು ಮತ್ತೆ ಮಾಡಬೇಕು.

ಅಂಚಿನ ವಿಷಯವೂ ಇದೆ. ಹಸಿರು ಮೈದಾನದ ಮುಂದೆ ತೆಗೆದ ಫೋಟೋದಲ್ಲಿ ಕೂದಲು ಮತ್ತು ತೋಳಿನ ಅಂಚಿನ ಒಂದೆರಡು ಪಿಕ್ಸೆಲ್‌ಗಳಲ್ಲಿ ಹಸಿರು ಬೆರೆತಿರುತ್ತದೆ. ಬ್ಯಾನರಿನ ಹಿನ್ನೆಲೆಯೂ ಹಸಿರು ಬೆಟ್ಟವಾಗಿದ್ದಷ್ಟು ದಿನ ಅದು ಕಾಣುವುದಿಲ್ಲ. ಹಿನ್ನೆಲೆ ಬದಲಿಸಿ ಕೆಂಪು ಹಾಕಿ ಎಂದರು ಅನ್ನಿ, ಎಲ್ಲರ ಸುತ್ತಲೂ ಹಸಿರು ಗೆರೆ ಎದ್ದು ಕಾಣುತ್ತದೆ. ಮಾಸ್ಕ್ ಇದ್ದರೆ ಅದನ್ನೇ ಒಂದೆರಡು ಪಿಕ್ಸೆಲ್ ಒಳಗೆ ಸರಿಸಿ ಅಥವಾ ಮೃದು ಮಾಡಿ ಸರಿಪಡಿಸಬಹುದು, ಹೆಚ್ಚಾಯಿತು ಅನಿಸಿದರೆ ಹಿಂದಕ್ಕೂ ಬರಬಹುದು. ಅಳಿಸಿದ ಲೇಯರಿಗೆ Layer > Matting > Defringe ಇದೆ, ಕೆಲಸವನ್ನೂ ಮಾಡುತ್ತದೆ, ಆದರೆ ಅದು ಅಂಚಿನ ಪಿಕ್ಸೆಲ್‌ಗಳ ಬಣ್ಣವನ್ನೇ ಬದಲಿಸುತ್ತದೆ. ಕೂದಲಿನ ಜಾಗದಲ್ಲಿ ಅದರ ಫಲ ಅಷ್ಟು ಚೆನ್ನಾಗಿರುವುದಿಲ್ಲ.

ಸ್ಮಾರ್ಟ್ ಆಬ್ಜೆಕ್ಟ್ ಆಗಿ ತಂದ ಫೋಟೋದಲ್ಲಿ ಆಯ್ಕೆಯೇ ಇಲ್ಲ. ಇರೇಸರ್ ಅಲ್ಲಿ ನಡೆಯುವುದಿಲ್ಲ, ಮಾಸ್ಕ್ ಮಾತ್ರ. ಅರ್ಧಕ್ಕೆ ಇಳಿಸಿದ ಫೋಟೋವನ್ನು ನಾಳೆ ಮತ್ತೆ ದೊಡ್ಡದು ಮಾಡಬೇಕಾಗಬಹುದು ಎಂಬ ಕಡೆ ಸ್ಮಾರ್ಟ್ ಆಬ್ಜೆಕ್ಟ್ ಬೇಕೇ ಬೇಕು, ಏಕೆಂದರೆ ಸಾಮಾನ್ಯ ಲೇಯರನ್ನು ಇಳಿಸಿದಾಗ ಮೂಲ ಪಿಕ್ಸೆಲ್‌ಗಳು ಹೋದವೇ. ಬೆಲೆ ಏನೆಂದರೆ, ಮೂಲ ಫೋಟೋದ ಫೈಲು ಪೂರ್ತಿಯಾಗಿ ಪಿಎಸ್‌ಡಿಯೊಳಗೆ ಸೇರುತ್ತದೆ, ಅದರ ಮೇಲೆ ಇಳಿಸಿದ ಅಳತೆಯ ಪಿಕ್ಸೆಲ್‌ಗಳೂ ಉಳಿಯುತ್ತವೆ. ಎರಡು ಪಟ್ಟು ಹೊರೆ. ಹದಿನಾರು ಆಟಗಾರರ ಬ್ಯಾನರಿಗೆ ಇದು ಅತಿಯಾಯಿತು. ಮಧ್ಯದಲ್ಲಿ ದೊಡ್ಡದಾಗಿ ನಿಲ್ಲುವ ನಾಯಕನೊಬ್ಬನಿಗೆ ಮಾಡಿದರೆ ಸಾಕು.

ನಡುದಾರಿ: ಮೊದಲು ಒರಟಾಗಿ ಕತ್ತರಿಸಿ, ಆಮೇಲೆ ಮಾಸ್ಕ್

ಅಡಗಿರುವ ಎಲ್ಲ ಪಿಕ್ಸೆಲ್‌ಗಳೂ ಬೇಕಾಗುವುದಿಲ್ಲ. ಮುಂದೆ ಬೇಕಾಗಬಹುದಾದದ್ದು ಅಂಚಿನ ಸುತ್ತಲಿನ ಒಂದು ಪಟ್ಟಿ ಮಾತ್ರ. ಸ್ಟಿಕ್ಕಿನ ತುದಿ, ಕೂದಲು, ಶೂಸಿನ ಕೆಳಗಿನ ನೆರಳು ಎಲ್ಲ ಆ ಪಟ್ಟಿಯೊಳಗೇ ಬರುತ್ತವೆ. ಐನೂರು ಪಿಕ್ಸೆಲ್ ಆಚೆ ನಿಂತ ಜೀಪಿನಿಂದ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ದೂರದ್ದನ್ನು ಅಳಿಸಿ, ಹತ್ತಿರದ್ದನ್ನು ಮರೆಮಾಡಿ. ನಮ್ಮ ಅಭಿಪ್ರಾಯದಲ್ಲಿ ಬ್ಯಾನರು, ಮದುವೆ ಆಲ್ಬಮ್ಮು, ಕಾಫಿ ಪೊಟ್ಟಣದ ಲೇಬಲ್ಲು ಇಂಥ ಕೆಲಸಗಳಿಗೆಲ್ಲ ಮೊದಲು ಯೋಚಿಸಬೇಕಾದ ದಾರಿ ಇದು.

ಮಾಡುವ ಕ್ರಮ ಹೀಗೆ. ಫೋಟೋವನ್ನು ಬೇಕಾದ ಅಳತೆಗೆ ಇಳಿಸಿದ ಮೇಲೆ M ಒತ್ತಿ ಆಯತದ ಮಾರ್ಕೀ ತೆಗೆದುಕೊಂಡು ಆಟಗಾರನ ಸುತ್ತ ನಾಲ್ಕೂ ಕಡೆ ನೂರು ಪಿಕ್ಸೆಲ್‌ನಷ್ಟು ಜಾಗ ಬಿಟ್ಟು ಎಳೆಯಿರಿ. ಸ್ಟಿಕ್ ಯಾವ ಕಡೆಗೆ ಚಾಚಿದೆಯೋ ಆ ಕಡೆ ಇನ್ನೂ ಸ್ವಲ್ಪ ಧಾರಾಳವಾಗಿ ಬಿಡಿ. Shift+Ctrl+I ಒತ್ತಿದರೆ ಸೆಲೆಕ್ಷನ್ ತಿರುಗುತ್ತದೆ. ಈಗ Delete. ಸೆಲೆಕ್ಷನ್ ಬಿಡಿಸಿ, ಆಮೇಲೆ ಹಿನ್ನೆಲೆ ತೆಗೆಯಲು ಮಾಸ್ಕ್ ಹಾಕಿ.

ಮಾಸ್ಕ್ ಮೊದಲೇ ಹಾಕಿಯಾಗಿದ್ದರೂ ಇದನ್ನು ಮಾಡಬಹುದು, ಆದರೆ ಒಂದು ಎಚ್ಚರಿಕೆ ಬೇಕು. ಲೇಯರ್ ಪ್ಯಾನೆಲ್ಲಿನಲ್ಲಿ ಪಕ್ಕಪಕ್ಕ ಎರಡು ಪುಟ್ಟ ಚಿತ್ರಗಳಿರುತ್ತವೆ, ಎಡಗಡೆಯದು ಫೋಟೋ, ಬಲಗಡೆಯದು ಮಾಸ್ಕ್. ಯಾವುದರ ಸುತ್ತ ಗೆರೆ ಇದೆಯೋ Delete ಅದರ ಮೇಲೆ ನಡೆಯುತ್ತದೆ. ಮಾಸ್ಕಿನ ಮೇಲೆ ಗೆರೆ ಇದ್ದಾಗ ಒತ್ತಿದರೆ ಫೋಟೋದ ಒಂದು ಪಿಕ್ಸೆಲ್ಲೂ ಹೋಗುವುದಿಲ್ಲ, ಮಾಸ್ಕಿಗೆ ಹಿನ್ನೆಲೆ ಬಣ್ಣ ಬಳಿದಂತಾಗುತ್ತದೆ ಅಷ್ಟೇ. ಆ ಬಣ್ಣ ಕಪ್ಪಾಗಿದ್ದರೆ ಪರದೆಯ ಮೇಲೆ ಏನೂ ಬದಲಾಗದು, ಆದ್ದರಿಂದ ಕೆಲಸ ಆಯಿತು ಅಂದುಕೊಂಡುಬಿಡುತ್ತೇವೆ. ಖಚಿತ ಮಾಡಿಕೊಳ್ಳಲು Shift ಹಿಡಿದು ಮಾಸ್ಕಿನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿ. ಮಾಸ್ಕ್ ತಾತ್ಕಾಲಿಕವಾಗಿ ಆರುತ್ತದೆ. ಆಟಗಾರನ ಸುತ್ತ ಸಣ್ಣ ಚೌಕದ ಫೋಟೋ ಕಂಡರೆ ಸರಿ, ಅಂಗಳವೆಲ್ಲ ಕಂಡರೆ ಅಳಿಸಿಲ್ಲ.

ಲೆಕ್ಕಕ್ಕೆ ಬಂದರೆ, 800 × 2500ರ ಸುತ್ತ ನೂರು ನೂರು ಬಿಟ್ಟಾಗ 1000 × 2700, ಅಂದರೆ 8.1 ಎಂಬಿ. ಹದಿನಾರು ಮಂದಿಗೆ 130 ಎಂಬಿ, ಮಾಸ್ಕ್‌ಗಳೂ ಸೇರಿ ಸ್ವಲ್ಪ ಹೆಚ್ಚು. ಒಟ್ಟು ಫೈಲು 400ರ ಸುತ್ತಮುತ್ತ. 560ರಿಂದ 160 ಎಂಬಿ ಇಳಿಯಿತು, ತಿದ್ದುವ ಸ್ವಾತಂತ್ರ್ಯ ಎಲ್ಲಿಯೂ ಹೋಗಲಿಲ್ಲ.

ಬ್ಯಾನರಿನ ಅಂಚಿನಾಚೆ ಚಾಚಿಕೊಂಡಿರುವ ಭಾಗವೂ ಮರೆಯಾದ ಪಿಕ್ಸೆಲ್ಲೇ. ಹಿನ್ನೆಲೆಯ ಬೆಟ್ಟದ ಫೋಟೋ ಬ್ಯಾನರಿಗಿಂತ ದೊಡ್ಡದಿದ್ದು ಆಚೀಚೆ ಉಳಿದಿದ್ದರೆ ಅದೂ ಫೈಲಿನಲ್ಲಿ ತೂಗುತ್ತದೆ. Ctrl+A ಒತ್ತಿ Image > Crop ಕೊಟ್ಟರೆ ಹೊರಗಿನದೆಲ್ಲ ಹೋಗುತ್ತದೆ. ಕ್ರಾಪ್ ಟೂಲ್ ಬಳಸುವವರು ಮೇಲ್ಪಟ್ಟಿಯ Delete Cropped Pixels ಗುರುತು ನೋಡಿಕೊಳ್ಳಿ. ಗುರುತು ಇಲ್ಲದಿದ್ದರೆ ಕತ್ತರಿಸಿದಂತೆ ಕಾಣುತ್ತದೆ, ಆದರೆ ಎಲ್ಲವೂ ಅಡಗಿ ಉಳಿಯುತ್ತದೆ. Image > Reveal All ಕೊಟ್ಟರೆ ಮತ್ತೆ ಎದುರು ಬರುತ್ತದೆ.

ಅಳಿಸಿದ ಮೇಲೂ ಫೈಲು ಇಳಿಯದಿದ್ದರೆ

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಮೊದಲನೆಯದು ಸುಲಭ. Background ಎಂಬ ಹೆಸರಿನ, ಬೀಗದ ಗುರುತಿರುವ ಲೇಯರಿನ ಮೇಲೆ ಇರೇಸರ್ ಎಳೆದರೆ ಪಾರದರ್ಶಕವಾಗುವುದಿಲ್ಲ, ಹಿನ್ನೆಲೆಯ ಬಣ್ಣ ಬಳಿಯುತ್ತದೆ. ಬೀಗದ ಗುರುತಿನ ಮೇಲೆ ಕ್ಲಿಕ್ ಮಾಡಿ ಅದನ್ನು ಸಾಮಾನ್ಯ ಲೇಯರ್ ಮಾಡಿಕೊಂಡು ಮುಂದುವರಿಯಬೇಕು.

ಎರಡನೆಯದು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇರೇಸರಿನ ಒಪಾಸಿಟಿ 100ರ ಬದಲು 98 ಇತ್ತು ಅನ್ನಿ. ಎಳೆದ ಕಡೆಯೆಲ್ಲ ಶೇಕಡ 2ರಷ್ಟು ಪಿಕ್ಸೆಲ್ ಉಳಿಯುತ್ತದೆ. ಕಣ್ಣಿಗೆ ಖಾಲಿ. ಫೋಟೋಶಾಪಿಗೆ ಮಾತ್ರ ಅದು ಖಾಲಿಯಲ್ಲ. ಪೂರ್ತಿ ಪಾರದರ್ಶಕವಾಗದ ಪಿಕ್ಸೆಲ್ಲಿಗೆ ಪೂರ್ತಿ ಬಣ್ಣ ಬೇಕು, ಹಾಗಾಗಿ ಆ ಗೋಡೆ, ಆ ಗಿಡ, ಎಲ್ಲವೂ ಮೂರು ಬೈಟಿನ ಲೆಕ್ಕದಲ್ಲೇ ಫೈಲಿಗೆ ಹೋಗುತ್ತವೆ. ಅಳಿಸಿದ ಶ್ರಮ ಪೂರ್ತಿ ವ್ಯರ್ಥ. ಮಾಸ್ಕಿನಲ್ಲೂ ಇದೇ ತೊಂದರೆ ಬರುತ್ತದೆ. ಕಪ್ಪು ಎಂದು ಕಾಣುವ ಜಾಗದ ಬೆಲೆ 0 ಅಲ್ಲದೆ 3 ಅಥವಾ 5 ಇದ್ದರೆ, ಮಾಸ್ಕನ್ನು ಲೇಯರಿಗೆ ಅಳವಡಿಸಿದಾಗ ಆ ಪಿಕ್ಸೆಲ್‌ಗಳು ತೆಳುವಾಗಿ ಉಳಿಯುತ್ತವೆ.

ಇಲ್ಲೊಂದು ಸಂಗತಿ ಗಮನಿಸಿ. ಮೂಲೆಯಲ್ಲಿ ಒಂದೇ ಒಂದು ಚುಕ್ಕೆ ಉಳಿದರೆ ಲೇಯರಿನ ಚೌಕ ದೊಡ್ಡದಾಗುತ್ತದೆ ನಿಜ, ಆದರೆ ನಡುವಿನ ಖಾಲಿ ಜಾಗ ಆರ್‌ಎಲ್‌ಇಯಲ್ಲಿ ಕುಗ್ಗುವುದರಿಂದ ಗಾತ್ರ ಅರ್ಧ ಎಂಬಿಯೂ ಹೆಚ್ಚುವುದಿಲ್ಲ. ಬಿಡಿ ಚುಕ್ಕೆಗಳ ಬೆನ್ನು ಹತ್ತಬೇಡಿ. ವಿಶಾಲವಾಗಿ ಹರಡಿದ ತೆಳು ಪೊರೆಯೇ ತೂಕ ಕೊಡುವುದು.

ಪತ್ತೆ ಮಾಡುವುದು ಹೀಗೆ: ಉಳಿದ ಎಲ್ಲ ಲೇಯರ್‌ಗಳ ಕಣ್ಣಿನ ಗುರುತು ತೆಗೆದು, ಅನುಮಾನ ಇರುವ ಲೇಯರ್ ಮೇಲೆ Ctrl+J ಹತ್ತು ಸಲ ಒತ್ತಿ. ಶೇಕಡ 2ರ ಪೊರೆ ಒಂದರ ಮೇಲೊಂದು ಕೂತು ಸುಮಾರು ಶೇಕಡ 20ರಷ್ಟಾಗುತ್ತದೆ, ಗೋಡೆಯ ಮಸುಕು ಆಕಾರ ಮೂಡಿಬರುತ್ತದೆ. ನೋಡಿದ ಮೇಲೆ ನಕಲುಗಳನ್ನು ತೆಗೆದುಹಾಕಿ. ಮಾಸ್ಕಿನಲ್ಲಾದರೆ ಮಾಸ್ಕಿನ ಪುಟ್ಟ ಚಿತ್ರವನ್ನು Alt ಹಿಡಿದು ಕ್ಲಿಕ್ ಮಾಡಿ, ಮಾಸ್ಕ್ ಒಂದೇ ಪರದೆ ತುಂಬ ಕಾಣುತ್ತದೆ. Ctrl+L ಒತ್ತಿ ಎಡತುದಿಯ ಕಪ್ಪು ಗುಂಡಿಯನ್ನು 0ಯಿಂದ 12ರ ತನಕ ಸರಿಸಿ. 12ಕ್ಕಿಂತ ಕೆಳಗಿದ್ದದ್ದೆಲ್ಲ ಅಚ್ಚ ಕಪ್ಪಾಗುತ್ತದೆ, ಕೂದಲಿನ ಅಂಚಿಗೆ ಆಗುವ ಬದಲಾವಣೆ ಗೊತ್ತಾಗುವಷ್ಟಿರುವುದಿಲ್ಲ. ಮೃದುವಾದ ಬ್ರಷ್ಷಿನಲ್ಲಿ ಮಾಡಿದ ಎಲ್ಲ ಮಾಸ್ಕ್‌ಗಳಿಗೂ ಅಳವಡಿಸುವ ಮೊದಲು ಇದನ್ನು ಮಾಡುವುದು ಒಳ್ಳೆಯ ರೂಢಿ.

ಗಿಂಪ್‌ನಲ್ಲಿ ಇರೇಸರ್ ತೂಕ ಇಳಿಸುವುದಿಲ್ಲ

ಗಿಂಪ್‌ನ ಎಕ್ಸ್‌ಸಿಎಫ್ ಫೈಲಿನ ನಡವಳಿಕೆ ಬೇರೆ. ಗಿಂಪ್ ಇರೇಸರ್ ಪಿಕ್ಸೆಲ್ಲನ್ನು ಪೂರ್ತಿ ಪಾರದರ್ಶಕ ಮಾಡುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ಇರೇಸರಿನ ಆಯ್ಕೆಗಳಲ್ಲಿ Anti erase ಎಂಬ ಗುರುತು ಇರುವುದೇ ಇದರಿಂದ. ಅದನ್ನು ಹಾಕಿ, ಅಥವಾ Alt ಹಿಡಿದು, ಅಳಿಸಿದ ಜಾಗದ ಮೇಲೆ ಮತ್ತೆ ಎಳೆದರೆ ಹೋದ ಗೋಡೆ ವಾಪಸ್ ಬರುತ್ತದೆ. ಪೂರ್ತಿ ಅಳಿಸಿಹೋದಂತೆ ಕಾಣುವ ಜಾಗದಲ್ಲೂ ಬರುತ್ತದೆ.

ಗಾತ್ರದ ದೃಷ್ಟಿಯಿಂದ ಇದರ ಅರ್ಥ ಸ್ಪಷ್ಟ. ಎಕ್ಸ್‌ಸಿಎಫ್ ಲೇಯರನ್ನು 64 × 64ರ ತುಂಡುಗಳಾಗಿ ಮಾಡಿ ಆರ್‌ಎಲ್‌ಇಯಲ್ಲೇ ಕುಗ್ಗಿಸುತ್ತದೆ. ಪಾರದರ್ಶಕತೆಯ ಚಾನೆಲ್ ಚೆನ್ನಾಗಿ ಕುಗ್ಗುತ್ತದೆ, ಬಣ್ಣದ ಮೂರು ಚಾನೆಲ್‌ಗಳು ಹಿಂದಿನಷ್ಟೇ ಇರುತ್ತವೆ. ಹಾಗಾಗಿ ಇಲ್ಲಿ ಅಳಿಸಿದ್ದಕ್ಕೂ ಮಾಸ್ಕ್ ಹಾಕಿದ್ದಕ್ಕೂ ತೂಕದಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. Apply Layer Mask ಕೊಟ್ಟರೂ ಮಾಸ್ಕಿನ ಬೆಲೆ ಪಾರದರ್ಶಕತೆಗೆ ಸೇರುತ್ತದೆ, ಬಣ್ಣ ಕೆಳಗೆ ಉಳಿಯುತ್ತದೆ. ತೂಕ ಇಳಿಸಲೆಂದು ಗಿಂಪ್‌ನಲ್ಲಿ ಇರೇಸರ್ ಹಿಡಿಯುವುದರಲ್ಲಿ ಅರ್ಥವಿಲ್ಲ. ಮಾಸ್ಕನ್ನೇ ಬಳಸಿ.

ಗಿಂಪ್‌ನಲ್ಲಿ ನಿಜವಾಗಿ ತೂಕ ಇಳಿಸುವುದು ಲೇಯರಿನ ಗಡಿಯನ್ನು ಕುಗ್ಗಿಸಿದಾಗ. ಫೋಟೋಶಾಪಿನ ಹಾಗೆ ಅದು ತಾನಾಗಿ ಕುಗ್ಗುವುದಿಲ್ಲ, ಹಳದಿ ಚುಕ್ಕೆಗೆರೆಯ ಗಡಿ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ. Layer ಮೆನುವಿನ Crop to Content ಕೊಟ್ಟರೆ ಖಾಲಿ ಅಂಚುಗಳು ಕತ್ತರಿಸಿಹೋಗುತ್ತವೆ, ಅವುಗಳ ಕೆಳಗಿದ್ದ ಬಣ್ಣವೂ ಹೋಗುತ್ತದೆ. ಆವೃತ್ತಿಗೆ ತಕ್ಕಂತೆ ಮೆನುವಿನ ಪದಗಳು ತುಸು ಬದಲಾಗಬಹುದು. ನಡುದಾರಿ ಬೇಕಿದ್ದರೆ ಆಟಗಾರನ ಸುತ್ತ ಆಯತ ಸೆಲೆಕ್ಟ್ ಮಾಡಿಕೊಂಡು ಲೇಯರನ್ನು ಆ ಸೆಲೆಕ್ಷನ್ನಿಗೆ ಕತ್ತರಿಸಿ, ಆಮೇಲೆ ಮಾಸ್ಕ್ ಹಾಕಿ. ಕೈಕಾಲುಗಳ ನಡುವಿನ ಜಾಗದ ಬಣ್ಣ ಮಾತ್ರ ಹೋಗುವುದಿಲ್ಲ. ಅಷ್ಟನ್ನು ಬಿಟ್ಟುಬಿಡಿ. ಸೇವ್ ಮಾಡುವ ಕಿಟಕಿಯಲ್ಲಿ Save this XCF file with better but slower compression ಎಂಬ ಗುರುತಿದೆ. ಅದನ್ನು ಹಾಕಿದರೆ ಫೋಟೋ ಭಾಗವೂ ಆರ್‌ಎಲ್‌ಇಗಿಂತ ಚೆನ್ನಾಗಿ ಕುಗ್ಗುತ್ತದೆ, ಸೇವ್ ಆಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ.

ಕಳಿಸುವ ಹೊತ್ತು

ಅಂಗಡಿಯಲ್ಲಿ ಉಳಿಯುವ ಫೈಲು ಬೇರೆ, ಹೊರಗೆ ಹೋಗುವ ಫೈಲು ಬೇರೆ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ಮಾಸ್ಕ್‌ಗಳಿರುವುದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಪ್ರೆಸ್ಸಿನವರಿಗೆ ಲೇಯರ್ ಬೇಕಿಲ್ಲದಿದ್ದರೆ ಜೆಪೆಗ್ ಅಥವಾ ಲೇಯರ್ ಕೂಡಿಸಿದ ಟಿಫ್ ಕಳಿಸಿ. ಅವುಗಳಲ್ಲಿ ಅಳಿಸಿದ್ದಕ್ಕೂ ಮರೆಮಾಡಿದ್ದಕ್ಕೂ ಭೇದವೇ ಉಳಿಯುವುದಿಲ್ಲ, ಕಂಡದ್ದಷ್ಟೇ ಹೋಗುತ್ತದೆ. ಟಿಫ್ ಸೇವ್ ಮಾಡುವಾಗ Layer Compression ಕೆಳಗೆ Discard Layers and Save a Copy ಆರಿಸಿದರೆ ಲೇಯರ್‌ಗಳು ಹೋಗುತ್ತವೆ. ಲೇಯರ್ ಉಳಿಸಲೇಬೇಕಿದ್ದರೆ ಅಲ್ಲಿ RLE ಬದಲು ZIP ಆರಿಸಿ, ಸೇವ್ ನಿಧಾನವಾದರೂ ಫೈಲು ಚಿಕ್ಕದಾಗುತ್ತದೆ.

ಲೇಯರ್ ಸಮೇತ ಪಿಎಸ್‌ಡಿಯನ್ನೇ ಕೇಳಿದರೆ Save As ಮಾಡಿ ಒಂದು ನಕಲು ತೆಗೆದು, ಆ ನಕಲಿನಲ್ಲಿ ಮಾತ್ರ ಪ್ರತಿ ಆಟಗಾರನ ಮಾಸ್ಕಿನ ಮೇಲೆ ಬಲಕ್ಲಿಕ್ ಮಾಡಿ Apply Layer Mask ಕೊಡಿ. ಆಗ ಮೇಲಿನ ಲೆಕ್ಕದ 320 ಎಂಬಿಯ ಹತ್ತಿರ ಬರುತ್ತೀರಿ. ಒಂದೊಂದಾಗಿ ಮಾಡಿ, ಪ್ರತಿ ಸಲವೂ ಸ್ಟಿಕ್ಕಿನ ತುದಿ ನೋಡಿ.

ನಕಲಿನಲ್ಲಿ ಅಳವಡಿಸುವುದಕ್ಕೆ ಗಾತ್ರವನ್ನು ಮೀರಿದ ಇನ್ನೊಂದು ಕಾರಣ ಇದೆ. ಮಾಸ್ಕಿನ ಕೆಳಗಿನದು ಫೈಲು ಪಡೆದ ಯಾರಿಗೂ Shift ಹಿಡಿದು ಒಂದು ಕ್ಲಿಕ್ ಮಾಡಿದರೆ ಕಾಣುತ್ತದೆ. ಮನೆಯ ಅಂಗಳದಲ್ಲಿ ತೆಗೆದ ಫೋಟೋದಲ್ಲಿ ಮಕ್ಕಳಿರಬಹುದು, ಗಾಡಿಯ ನಂಬರ್ ಇರಬಹುದು, ಪಕ್ಕದಲ್ಲಿ ನಿಂತಿದ್ದವರು ಬ್ಯಾನರಿನಲ್ಲಿ ಬರಲು ಒಪ್ಪಿರದೆ ಇರಬಹುದು. ಅವರನ್ನು ಮರೆಮಾಡಿ ಕಳಿಸಿದರೆ ಕಳಿಸಿದಂತೆಯೇ ಆಯಿತು. ಪಿಡಿಎಫ್ ಕಳಿಸುವವರೂ ಹುಷಾರಾಗಿರಬೇಕು. ಫೋಟೋಶಾಪಿನಿಂದ ಪಿಡಿಎಫ್ ಉಳಿಸುವಾಗ Preserve Photoshop Editing Capabilities ಗುರುತು ಇದ್ದರೆ ಲೇಯರ್, ಮಾಸ್ಕ್, ಮಾಸ್ಕಿನ ಕೆಳಗಿನದು ಎಲ್ಲವೂ ಪಿಡಿಎಫ್ ಒಳಗೆ ಸೇರುತ್ತದೆ. ಸಾಮಾನ್ಯ ಪಿಡಿಎಫ್ ಓದುವ ಆಪ್‌ನಲ್ಲಿ ಬ್ಯಾನರ್ ಮಾತ್ರ ಕಾಣುತ್ತದೆ, ಅದೇ ಫೈಲನ್ನು ಫೋಟೋಶಾಪಿನಲ್ಲಿ ತೆರೆದವರಿಗೆ ಎಲ್ಲವೂ ಸಿಗುತ್ತದೆ. ಒಂದು ಪುಟದ ಬ್ಯಾನರಿನ ಪಿಡಿಎಫ್ ನೂರಾರು ಎಂಬಿ ತೂಗುತ್ತಿದ್ದರೆ ಮೊದಲು ಆ ಗುರುತನ್ನು ತೆಗೆದು ಮತ್ತೆ ಉಳಿಸಿ ನೋಡಿ.